ಒಂದಕ್ಷರದ ಹಸಿರು, ಗಂಟು ಕಟ್ಟುವ ಪ್ರೋಟೀನು

ಅಮೆರಿಕದ ವಾಯವ್ಯ ಕರಾವಳಿಯ ಫ್ರೈಡೇ ಹಾರ್ಬರ್ ಸುತ್ತಲಿನ ಸಮುದ್ರ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಅಲ್ಲಿ ಈಕ್ವೋರಿಯಾ ವಿಕ್ಟೋರಿಯಾ ಎಂಬ ಜೆಲ್ಲಿಮೀನು ತೇಲುತ್ತದೆ, ಕೆಣಕಿದರೆ ಅದರ ದೇಹದ ಅಂಚು ಹಸಿರಾಗಿ ಹೊಳೆಯುತ್ತದೆ. ಆ ಹಸಿರಿಗೆ ಕಾರಣವಾದ ಪ್ರೋಟೀನನ್ನು ಒಸಾಮು ಶಿಮೊಮುರಾ 1962ರಲ್ಲಿ ವರದಿ ಮಾಡಿದರು. ಮೂವತ್ತು ವರ್ಷಗಳ ನಂತರ, 1992ರಲ್ಲಿ, ಡಗ್ಲಸ್ ಪ್ರಾಶರ್ ಅದರ ಜೀನನ್ನು ಓದಿ ಪ್ರಕಟಿಸಿದರು. 238 ಅಮೈನೋ ಆಮ್ಲಗಳ ಒಂದು ಸರಪಳಿ ಅದು. ಇಂಗ್ಲಿಷಿನಲ್ಲಿ ಅದನ್ನು ಜಿಎಫ್‌ಪಿ ಎಂದು ಮೊಟಕಾಗಿ ಕರೆಯುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಚಾಲ್ಫಿ ಮತ್ತು ಸಂಗಡಿಗರು ಪ್ರಾಶರ್ ಕಳುಹಿಸಿದ ಜೀನನ್ನು ಈ. ಕೋಲೈ ಬ್ಯಾಕ್ಟೀರಿಯಾದೊಳಗೆ ಇಟ್ಟರು. ನಮ್ಮ ಕರುಳಿನಲ್ಲೂ ಬದುಕುವ ಈ ಬ್ಯಾಕ್ಟೀರಿಯಾಕ್ಕೂ ಸಮುದ್ರಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಅದು ಹಸಿರಾಗಿ ಹೊಳೆಯಿತು. 1994ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಈ ವಿಷಯ ಬಂದಾಗ ಒಂದು ಸಂಗತಿ ಖಚಿತವಾಯಿತು: ಹೊಳೆಯುವುದಕ್ಕೆ ಜೆಲ್ಲಿಮೀನಿನ ಬೇರೆ ಯಾವ ಕಿಣ್ವವೂ ಬೇಡ. ಸರಪಳಿಯೊಂದಿದ್ದರೆ ಸಾಕು, ಅದು ತಾನಾಗಿ ಮಡಿಚಿಕೊಂಡು, ತನ್ನೊಳಗೇ ಬಣ್ಣದ ಕೇಂದ್ರವನ್ನು ಕಟ್ಟಿಕೊಳ್ಳುತ್ತದೆ.

ಆದರೆ ಸಮುದ್ರದಿಂದ ಬಂದ ಈ ಪ್ರೋಟೀನಿಗೆ ಎರಡು ತೊಡಕುಗಳಿದ್ದವು. ಒಂದು, ಅದರ ಬೆಳಕು ಪ್ರಯೋಗಾಲಯದ ಕೆಲಸಕ್ಕೆ ಮಂಕು. ಇನ್ನೊಂದು, ತಣ್ಣೀರಿನ ಪ್ರಾಣಿಯದಾದ್ದರಿಂದ 37 ಡಿಗ್ರಿ ಶಾಖದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದಲ್ಲಿ ಅದರ ಬಹುಪಾಲು ಸರಿಯಾಗಿ ಮಡಿಚಿಕೊಳ್ಳುತ್ತಲೇ ಇರಲಿಲ್ಲ. ಮೊದಲನೆಯದಕ್ಕೆ ಜೀನಿನ ಒಂದೇ ಒಂದು ಅಕ್ಷರ ಬದಲಿಸಿದ್ದು ಸಾಕಾಯಿತು. ಎರಡನೆಯದು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಬ್ಯಾಕ್ಟೀರಿಯಾದಲ್ಲಿ ಪ್ರೋಟೀನು ಮಾಡಿಸುವವರೆಲ್ಲರೂ ಇಂದಿಗೂ ಎದುರಿಸುವ ತೊಡಕು ಅದೇ.

ಮೊದಲು ಅಕ್ಷರದ ಕಥೆ.

ಡಿಎನ್‌ಎಯಲ್ಲಿ ನಾಲ್ಕು ಅಕ್ಷರ: A, T, G, C. ಮೂರು ಮೂರು ಅಕ್ಷರ ಸೇರಿ ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತವೆ. ಜಿಎಫ್‌ಪಿಯ ಬಣ್ಣದ ಕೇಂದ್ರ ಹುಟ್ಟುವುದು ಸರಪಳಿಯ 65, 66, 67ನೆಯ ಸ್ಥಾನಗಳಲ್ಲಿರುವ ಸೆರೀನ್, ಟೈರೋಸಿನ್, ಗ್ಲೈಸಿನ್ ಎಂಬ ಮೂರು ಅಮೈನೋ ಆಮ್ಲಗಳಿಂದ. ಸರಪಳಿ ಮಡಿಚಿಕೊಂಡಾಗ ಇವು ಹತ್ತಿರ ಬಂದು ಒಂದಕ್ಕೊಂದು ಬೆಸೆದು ಉಂಗುರವಾಗುತ್ತವೆ, ಆಮೇಲೆ ಗಾಳಿಯ ಆಮ್ಲಜನಕ ಅದನ್ನು ಪೂರ್ಣಗೊಳಿಸುತ್ತದೆ. ರೋಜರ್ ಚಿಯೆನ್ ಅವರ ಗುಂಪು 65ನೆಯ ಸ್ಥಾನದ ಸೆರೀನನ್ನು ತೆಗೆದು ಬೇರೆ ಬೇರೆ ಅಮೈನೋ ಆಮ್ಲಗಳನ್ನು ಇಟ್ಟು ನೋಡಿತು. ಥ್ರಿಯೋನಿನ್ ಇಟ್ಟಾಗ ಬೆಳಕು ಮೂಲಕ್ಕಿಂತ ಸುಮಾರು ಆರು ಪಟ್ಟು ಪ್ರಖರವಾಯಿತು. ಅದು 1995ರ ಮಾತು. ಸೆರೀನನ್ನು ಎಸ್, ಥ್ರಿಯೋನಿನ್ನನ್ನು ಟಿ ಎಂದು ಗುರುತಿಸುವುದರಿಂದ ಈ ಬದಲಾವಣೆಯ ಹೆಸರು ಎಸ್65ಟಿ.

ಇಡೀ ಜೀನಿನಲ್ಲಿ ಏಳುನೂರಕ್ಕೂ ಹೆಚ್ಚು ಅಕ್ಷರಗಳಿವೆ. ಅವುಗಳಲ್ಲಿ ಬೇಕಾದ ಒಂದನ್ನೇ ಹುಡುಕಿ ತಿದ್ದುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರು ಕೆನಡಾದ ವ್ಯಾಂಕೂವರ್‌ನಲ್ಲಿದ್ದ ಮೈಕೆಲ್ ಸ್ಮಿತ್. ಅವರು ಕ್ಲೈಡ್ ಹಚಿಸನ್ ಮತ್ತಿತರರ ಜೊತೆ ಸೇರಿ 1978ರಲ್ಲಿ ಪ್ರಕಟಿಸಿದ ವಿಧಾನಕ್ಕೆ 1993ರ ರಸಾಯನಶಾಸ್ತ್ರದ ನೊಬೆಲ್ ಬಂತು. ಉಪಾಯದ ತಿರುಳು ಇಷ್ಟು. ಡಿಎನ್‌ಎಯ ಎರಡು ಎಳೆಗಳು ಒಂದಕ್ಕೊಂದು ಜೋಡಿಯಾಗಿ ಅಂಟಿಕೊಳ್ಳುತ್ತವೆ. ನಾವು ರಾಸಾಯನಿಕವಾಗಿ ಕಟ್ಟಿದ ಒಂದು ತುಂಡು ಎಳೆಯಲ್ಲಿ ಒಂದೇ ಅಕ್ಷರ ತಪ್ಪಿದ್ದರೂ, ಅದರ ಆಚೆಗೂ ಈಚೆಗೂ ಸಾಕಷ್ಟು ಸರಿಯಾದ ಅಕ್ಷರಗಳಿದ್ದರೆ, ಅದು ತನ್ನ ಜಾಗವನ್ನು ಹುಡುಕಿಕೊಂಡು ಅಂಟಿಯೇ ಅಂಟುತ್ತದೆ. ಆಮೇಲೆ ಪಾಲಿಮರೇಸ್ ಎಂಬ ಕಿಣ್ವ ಆ ತುಂಡಿನ ತುದಿಯಿಂದ ನಕಲು ಬರೆಯುತ್ತಾ ಹೋದರೆ, ನಾವು ಬೇಕೆಂದೇ ಮಾಡಿದ ತಪ್ಪು ಹೊಸ ಡಿಎನ್‌ಎಯ ಭಾಗವೇ ಆಗಿಬಿಡುತ್ತದೆ. ಈ ತುಂಡಿಗೆ ಪ್ರೈಮರ್ ಎನ್ನುತ್ತಾರೆ.

ಎಸ್65ಟಿಯನ್ನು ಇಂದು ಒಬ್ಬ ವಿದ್ಯಾರ್ಥಿ ಮಾಡುವುದಾದರೆ ಅವಳು ಬರೆದುಕೊಳ್ಳುವ ಪ್ರೈಮರ್ ಹೀಗಿರಬಹುದು. ಮೇಲಿನ ಸಾಲು ಜೆಲ್ಲಿಮೀನಿನ ಮೂಲ, ಕೆಳಗಿನದು ಪ್ರೈಮರ್:

```
CACTTGTCACTACTTTC TCT TATGGTGTTCAATGC
CACTTGTCACTACTTTC ACT TATGGTGTTCAATGC
```

ನಡುವಿನ ಮೂರು ಅಕ್ಷರ ನೋಡಿ. TCT ಎಂದರೆ ಸೆರೀನ್, ACT ಎಂದರೆ ಥ್ರಿಯೋನಿನ್. ಒಂದು T ಹೋಗಿ ಅಲ್ಲಿ A ಬಂದಿದೆ, ಅಷ್ಟೆ. ಒಟ್ಟು 35 ಅಕ್ಷರಗಳ ತುಂಡಿನಲ್ಲಿ ಬದಲಾದದ್ದು 18ನೆಯದು, ಸರಿಯಾಗಿ ಮಧ್ಯದ್ದು. ಎರಡೂ ಬದಿಯಲ್ಲಿ 17 ಅಕ್ಷರಗಳ ಹಿಡಿತ ಇರುವುದರಿಂದ ನಡುವಿನ ಒಂದು ಹೊಂದಿಕೆಯಾಗದ ಅಕ್ಷರವನ್ನು ಎಳೆ ಸಹಿಸಿಕೊಳ್ಳುತ್ತದೆ. ಇದೇ ತುಂಡಿಗೆ ಎದುರು ಜೋಡಿಯಾಗುವ ಇನ್ನೊಂದು ಪ್ರೈಮರನ್ನೂ ತರಿಸುತ್ತಾರೆ. ಜೀನನ್ನು ಹೊತ್ತಿರುವ ಉಂಗುರಾಕಾರದ ಡಿಎನ್‌ಎಗೆ ಪ್ಲಾಸ್ಮಿಡ್ ಎಂದು ಹೆಸರು. ಆ ಪ್ಲಾಸ್ಮಿಡ್ಡು, ಎರಡು ಪ್ರೈಮರುಗಳು, ತಪ್ಪು ಕಡಿಮೆ ಮಾಡುವ ಪಾಲಿಮರೇಸು, ನಾಲ್ಕು ಅಕ್ಷರಗಳ ಕಚ್ಚಾ ಸಾಮಗ್ರಿ, ಇವಿಷ್ಟನ್ನು ಒಂದು ಪುಟ್ಟ ಕೊಳವೆಗೆ ಹಾಕಿ ಬಿಸಿ ಮಾಡಿ ತಣಿಸುವ ಸುತ್ತುಗಳನ್ನು ಸುಮಾರು 12ರಿಂದ 18 ಬಾರಿ ನಡೆಸುತ್ತಾರೆ. ಪ್ರತಿ ಸುತ್ತಿನಲ್ಲೂ ಪಾಲಿಮರೇಸ್ ಇಡೀ ಉಂಗುರವನ್ನು ಸುತ್ತಿಬಂದು ತಿದ್ದಿದ ನಕಲು ಬರೆಯುತ್ತದೆ.

ಈಗ ಕೊಳವೆಯಲ್ಲಿ ತಿದ್ದಿದ ಹೊಸ ಉಂಗುರಗಳೂ ಇವೆ, ತಿದ್ದದ ಹಳೆಯವೂ ಇವೆ. ಹಳೆಯದನ್ನು ತೊಲಗಿಸುವ ಹೆಜ್ಜೆಯೇ ನನಗೆ ಈ ವಿಧಾನದಲ್ಲಿ ಬಹಳ ಇಷ್ಟವಾಗುವುದು. ಬ್ಯಾಕ್ಟೀರಿಯಾದೊಳಗೆ ಬೆಳೆದ ಡಿಎನ್‌ಎಯಲ್ಲಿ GATC ಎಂಬ ಬರಹ ಬಂದಲ್ಲೆಲ್ಲ ಬ್ಯಾಕ್ಟೀರಿಯಾ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತು ಹಾಕಿರುತ್ತದೆ. ಕೊಳವೆಯಲ್ಲಿ ಹುಟ್ಟಿದ ಹೊಸ ಡಿಎನ್‌ಎಗೆ ಆ ಗುರುತು ಹಾಕುವವರು ಯಾರೂ ಇಲ್ಲ. ಡಿಪಿಎನ್1 ಎಂಬ ಕಿಣ್ವ ಗುರುತಿರುವ GATCಯನ್ನು ಮಾತ್ರ ಕತ್ತರಿಸುತ್ತದೆ. ಅದನ್ನು ಸೇರಿಸಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಹಳೆಯದು ಚೂರಾಗುತ್ತದೆ, ಹೊಸದು ಉಳಿಯುತ್ತದೆ. ಉಳಿದದ್ದನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಪ್ಲಾಸ್ಮಿಡ್ ಇದ್ದರೆ ಮಾತ್ರ ಬದುಕಬಲ್ಲಂತೆ ಆಂಪಿಸಿಲಿನ್ ಹಾಕಿದ ತಟ್ಟೆಯ ಮೇಲೆ ಹರಡಿದರೆ ಮಾರನೆಯ ಬೆಳಿಗ್ಗೆಗೆ ಚುಕ್ಕಿ ಚುಕ್ಕಿಯಾಗಿ ಕಾಲನಿಗಳು ಮೂಡುತ್ತವೆ.

ಇಲ್ಲಿ ಎಡವುವ ಜಾಗಗಳೂ ನಿಶ್ಚಿತ. ಮೂಲ ಪ್ಲಾಸ್ಮಿಡ್ಡನ್ನು ಮೀಥೈಲ್ ಗುರುತು ಹಾಕದ ತಳಿಯ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ್ದರೆ ಡಿಪಿಎನ್1ಗೆ ಕತ್ತರಿಸಲು ಏನೂ ಸಿಗುವುದಿಲ್ಲ, ತಟ್ಟೆ ತುಂಬ ತಿದ್ದದ ಕಾಲನಿಗಳೇ ಇರುತ್ತವೆ. ಇದನ್ನು ಕಂಡುಕೊಳ್ಳಲು ಪಾಲಿಮರೇಸ್ ಹಾಕದ ಒಂದು ಕೊಳವೆಯನ್ನೂ ಜೊತೆಗೇ ನಡೆಸುತ್ತಾರೆ. ಹೊಸ ನಕಲೇ ಹುಟ್ಟದ ಆ ಕೊಳವೆಯಿಂದಲೂ ತಟ್ಟೆ ತುಂಬಿದರೆ ಹಳೆಯದು ಕತ್ತರಿಸಿಲ್ಲವೆಂದೇ ಅರ್ಥ. ಕೆಲವೊಮ್ಮೆ ಪ್ರೈಮರ್ ಒಂದರ ಪಕ್ಕ ಒಂದು ಎರಡು ಸಲ ಸೇರಿಕೊಂಡುಬಿಡುತ್ತದೆ. ಪಾಲಿಮರೇಸ್ ಬೇರೆಲ್ಲೋ ಒಂದು ತಪ್ಪು ಬರೆದಿರುವುದೂ ಉಂಟು. ಆದ್ದರಿಂದ ಎರಡು ಮೂರು ಕಾಲನಿಗಳಿಂದ ಪ್ಲಾಸ್ಮಿಡ್ ತೆಗೆದು, ಬದಲಾದ ಜಾಗವನ್ನಷ್ಟೇ ಅಲ್ಲ, ಇಡೀ ಜೀನನ್ನು ಓದಿಸಿ ನೋಡಬೇಕು. ಹಸಿರು ಕಂಡಿತೆಂದು ಓದಿಸದೆ ಮುಂದೆ ಹೋದವರು ತಿಂಗಳುಗಟ್ಟಲೆ ಬೇರೆಯದೇ ಪ್ರೋಟೀನಿನ ಮೇಲೆ ಕೆಲಸ ಮಾಡುವ ಅಪಾಯವಿದೆ.

ಸೆರೀನಿಗೂ ಥ್ರಿಯೋನಿನ್ನಿಗೂ ವ್ಯತ್ಯಾಸ ಒಂದು ಇಂಗಾಲ ಮತ್ತು ಅದಕ್ಕೆ ಅಂಟಿದ ಹೈಡ್ರೋಜನ್‌ಗಳು ಮಾತ್ರ. ಅಷ್ಟಕ್ಕೇ ಬೆಳಕು ಹೇಗೆ ಹೆಚ್ಚುತ್ತದೆ? ಮೂಲ ಜಿಎಫ್‌ಪಿಯ ಬಣ್ಣದ ಕೇಂದ್ರ ಎರಡು ರೂಪಗಳಲ್ಲಿರುತ್ತದೆ. ಬಹುಪಾಲು ಅಣುಗಳಲ್ಲಿ ಅದು ವಿದ್ಯುದಂಶವಿಲ್ಲದೆ ಇದ್ದು 395 ನ್ಯಾನೋಮೀಟರಿನ ನೇರಳಾತೀತ ಬೆಳಕನ್ನು ಹೀರುತ್ತದೆ. ಉಳಿದ ಕೆಲವೇ ಅಣುಗಳಲ್ಲಿ ಋಣ ವಿದ್ಯುದಂಶ ಹೊತ್ತು ನೀಲಿ ಬೆಳಕನ್ನು ಹೀರುತ್ತದೆ. ಪಕ್ಕದಲ್ಲಿರುವ 222ನೆಯ ಸ್ಥಾನದ ಗ್ಲುಟಮಿಕ್ ಆಮ್ಲ ಆ ಋಣಾಂಶವನ್ನು ತಾನೇ ಇಟ್ಟುಕೊಂಡಿರುವುದೇ ಇದಕ್ಕೆ ಕಾರಣ. 65ರಲ್ಲಿ ಥ್ರಿಯೋನಿನ್ ಕೂತಾಗ ಒಳಗಿನ ಹೈಡ್ರೋಜನ್ ಬಂಧಗಳ ಏರ್ಪಾಡು ಕದಲಿ, ಗ್ಲುಟಮಿಕ್ ಆಮ್ಲಕ್ಕೆ ಋಣಾಂಶ ಹಿಡಿದಿಡಲು ಆಗುವುದಿಲ್ಲ. ಅದು ಬಣ್ಣದ ಕೇಂದ್ರಕ್ಕೇ ಹೋಗುತ್ತದೆ. ಹಾಗಾಗಿ ಎಸ್65ಟಿ ಸುಮಾರು 489 ನ್ಯಾನೋಮೀಟರಿನ ನೀಲಿಯೊಂದನ್ನೇ ಬಲವಾಗಿ ಹೀರಿ 511ರ ಹಸಿರನ್ನು ಹೊರಸೂಸುತ್ತದೆ. ಪ್ರಯೋಗಾಲಯದ ಸೂಕ್ಷ್ಮದರ್ಶಕಗಳ ನೀಲಿ ದೀಪಕ್ಕೆ ಇದು ಹೇಳಿ ಮಾಡಿಸಿದ ಹಾಗಿತ್ತು. ಜೊತೆಗೆ ಆಮ್ಲಜನಕದೊಂದಿಗೆ ಪೂರ್ಣಗೊಳ್ಳುವ ಕೊನೆಯ ಹಂತವೂ ಸುಮಾರು ನಾಲ್ಕು ಪಟ್ಟು ಬೇಗ ನಡೆಯಿತು.

ಜೀನು ಸಿದ್ಧವಾಯಿತು. ಇನ್ನು ಬ್ಯಾಕ್ಟೀರಿಯಾ ಅದನ್ನು ಓದಿ ಪ್ರೋಟೀನು ಮಾಡಬೇಕು. ಎಷ್ಟು ಮತ್ತು ಯಾವಾಗ ಎಂಬುದು ನಮ್ಮ ಕೈಯಲ್ಲಿರಬೇಕು. ಪರಕೀಯ ಪ್ರೋಟೀನನ್ನು ಮೊದಲಿನಿಂದಲೇ ಮಾಡುತ್ತಾ ಕೂತರೆ ಬ್ಯಾಕ್ಟೀರಿಯಾ ಬೆಳೆಯುವುದೇ ಇಲ್ಲ; ಪ್ಲಾಸ್ಮಿಡ್ಡನ್ನು ಕಳೆದುಕೊಂಡ ಸೋಮಾರಿ ಕೋಶಗಳು ಬೇಗ ಬೇಗ ವೃದ್ಧಿಯಾಗಿ ಫ್ಲಾಸ್ಕನ್ನು ತುಂಬಿಬಿಡುತ್ತವೆ. ಮೊದಲು ಬೆಳೆಸು, ಆಮೇಲೆ ದುಡಿಸು ಎಂಬುದೇ ಇಲ್ಲಿನ ಕ್ರಮ. ಅದಕ್ಕೆ ಬೇಕಾದ ಕೀಲಿ ಈ. ಕೋಲೈ ತನ್ನಲ್ಲೇ ಇಟ್ಟುಕೊಂಡಿದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಇಲ್ಲದಿರುವಾಗ ಅದನ್ನು ಅರಗಿಸುವ ಕಿಣ್ವಗಳನ್ನು ಮಾಡಿ ಪ್ರಯೋಜನವಿಲ್ಲ. ಆದ್ದರಿಂದ ಆ ಜೀನುಗಳ ಮೊದಲಲ್ಲಿರುವ, ಓದುವಿಕೆ ಶುರುವಾಗುವ ಪ್ರಮೋಟರ್ ಎಂಬ ಜಾಗದ ಬಳಿ ರಿಪ್ರೆಸರ್ ಎಂಬ ಪ್ರೋಟೀನು ಅಡ್ಡ ಕೂತಿರುತ್ತದೆ. ಲ್ಯಾಕ್ಟೋಸ್ ಸಿಕ್ಕಿದಾಗ ಅದರಿಂದ ಹುಟ್ಟುವ ಒಂದು ಸಕ್ಕರೆ ರಿಪ್ರೆಸರಿಗೆ ಅಂಟಿ ಅದನ್ನು ಎಬ್ಬಿಸುತ್ತದೆ. ಪ್ಯಾರಿಸಿನ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೊನೋ 1961ರಲ್ಲಿ ವಿವರಿಸಿದ ಏರ್ಪಾಡು ಇದು. ಪ್ರಯೋಗಾಲಯದಲ್ಲಿ ಲ್ಯಾಕ್ಟೋಸಿನ ಬದಲು ಐಪಿಟಿಜಿ ಎಂಬ ಪುಡಿ ಬಳಸುತ್ತಾರೆ. ಅದು ರಿಪ್ರೆಸರನ್ನು ಎಬ್ಬಿಸುತ್ತದೆ, ಆದರೆ ಬ್ಯಾಕ್ಟೀರಿಯಾ ಅದನ್ನು ಅರಗಿಸಲಾರದು. ಹಾಗಾಗಿ ಒಮ್ಮೆ ಹಾಕಿದ ಪ್ರಮಾಣ ಕೊನೆಯವರೆಗೂ ಹಾಗೇ ಇರುತ್ತದೆ.

ವಿಲಿಯಂ ಸ್ಟೂಡಿಯರ್ ಮತ್ತು ಬಾರ್ಬರಾ ಮೊಫಾಟ್ 1986ರಲ್ಲಿ ಈ ಕೀಲಿಗೆ ಒಂದು ಬಲವಾದ ಇಂಜಿನನ್ನು ಜೋಡಿಸಿದರು. ಬ್ಯಾಕ್ಟೀರಿಯಾವನ್ನು ಕಾಡುವ ಟಿ7 ಎಂಬ ವೈರಸ್ಸಿಗೆ ತನ್ನದೇ ಆದ ಆರ್‌ಎನ್‌ಎ ಪಾಲಿಮರೇಸ್ ಇದೆ. ಅದು ತನ್ನ ಟಿ7 ಪ್ರಮೋಟರನ್ನು ಮಾತ್ರ ಗುರುತಿಸುತ್ತದೆ, ಈ. ಕೋಲೈಯ ಪಾಲಿಮರೇಸಿಗಿಂತ ಸುಮಾರು ಐದು ಪಟ್ಟು ವೇಗವಾಗಿ ಓದುತ್ತದೆ. ಈ ಪಾಲಿಮರೇಸಿನ ಜೀನನ್ನು ಅವರು ಲ್ಯಾಕ್ಟೋಸ್ ಕೀಲಿಯ ಕೆಳಗೆ ಬ್ಯಾಕ್ಟೀರಿಯಾದ ಸ್ವಂತ ಡಿಎನ್‌ಎಯಲ್ಲಿ ಸೇರಿಸಿದರು. ನಮಗೆ ಬೇಕಾದ ಜೀನು ಟಿ7 ಪ್ರಮೋಟರಿನ ಹಿಂದೆ ಪ್ಲಾಸ್ಮಿಡ್ಡಿನಲ್ಲಿ ಕಾಯುತ್ತಿರುತ್ತದೆ. ಐಪಿಟಿಜಿ ಹಾಕಿದರೆ ಮೊದಲು ಪಾಲಿಮರೇಸ್ ಹುಟ್ಟುತ್ತದೆ, ಅದು ನಮ್ಮ ಜೀನನ್ನು ಎಡೆಬಿಡದೆ ಓದುತ್ತದೆ. ಕೆಲವೇ ಗಂಟೆಗಳಲ್ಲಿ ಕೋಶದ ಒಟ್ಟು ಪ್ರೋಟೀನಿನ ಅರ್ಧದಷ್ಟು ನಮ್ಮದೇ ಆಗಿರುವುದೂ ಉಂಟು. ಚಾಲ್ಫಿಯವರ ಹಸಿರು ಬ್ಯಾಕ್ಟೀರಿಯಾದಲ್ಲಿ ದುಡಿದದ್ದೂ ಇದೇ ಟಿ7 ಏರ್ಪಾಡು.

ಕೆಲಸದ ದಿನ ಹೀಗಿರುತ್ತದೆ. ಹಿಂದಿನ ರಾತ್ರಿ ಬೆಳೆಸಿಟ್ಟ ಬ್ಯಾಕ್ಟೀರಿಯಾವನ್ನು ಬೆಳಿಗ್ಗೆ ಹೊಸ ಸಾರಿಗೆ ಹಾಕಿ 37 ಡಿಗ್ರಿಯಲ್ಲಿ ಕುಲುಕುತ್ತಾ ಬೆಳೆಸುತ್ತಾರೆ. ಸಾರು ಎಷ್ಟು ಮಸುಕಾಗಿದೆ ಎಂಬುದನ್ನು 600 ನ್ಯಾನೋಮೀಟರಿನ ಬೆಳಕಿನಲ್ಲಿ ಅಳೆಯುತ್ತಾರೆ. ಅಳತೆ 0.6ರ ಹತ್ತಿರ ಬಂದಾಗ ಕೋಶಗಳು ಭರದಿಂದ ಬೆಳೆಯುತ್ತಿರುತ್ತವೆ. ಆಗ ಸ್ವಲ್ಪ ಮಾದರಿಯನ್ನು ಪಕ್ಕಕ್ಕೆ ತೆಗೆದಿಟ್ಟು, ಉಳಿದದ್ದಕ್ಕೆ ಐಪಿಟಿಜಿ ಹಾಕುತ್ತಾರೆ, ಹೆಚ್ಚೆಂದರೆ ಲೀಟರಿಗೆ ಕಾಲು ಗ್ರಾಮ್. ಮೂರು ನಾಲ್ಕು ಗಂಟೆಗಳ ನಂತರ ಫ್ಲಾಸ್ಕನ್ನು ನೀಲಿ ದೀಪದ ಮುಂದೆ ಹಿಡಿಯುತ್ತಾರೆ.

ಹಸಿರು ಮಂಕಾಗಿದೆ, ಅಥವಾ ಇಲ್ಲವೇ ಇಲ್ಲ ಎಂದುಕೊಳ್ಳೋಣ. ಕಾರಣ ಮೂರರಲ್ಲಿ ಒಂದಿರಬಹುದು. ಪ್ರೋಟೀನು ಹುಟ್ಟಿಯೇ ಇಲ್ಲದಿರಬಹುದು. ಹುಟ್ಟಿ, ಮಡಿಚಿಕೊಂಡು, ಆಮ್ಲಜನಕ ಸಾಲದೆ ಬಣ್ಣ ಬರದೆ ಇರಬಹುದು. ದಟ್ಟವಾಗಿ ಬೆಳೆದ ಬ್ಯಾಕ್ಟೀರಿಯಾ ಮುಚ್ಚಿದ ಕೊಳವೆಯಲ್ಲಿದ್ದರೆ ಹೀಗಾಗುತ್ತದೆ. ಅಥವಾ ಹುಟ್ಟಿಯೂ ಮಡಿಚಿಕೊಳ್ಳದೆ ಹಾಳಾಗಿರಬಹುದು. ಕಣ್ಣಿಗೆ ಮೂರೂ ಒಂದೇ ಥರ ಕಾಣುತ್ತವೆ. ಬೇರ್ಪಡಿಸುವುದು ಜೆಲ್. ಐಪಿಟಿಜಿಗೆ ಮುಂಚಿನ ಮಾದರಿ ಮತ್ತು ನಂತರದ ಮಾದರಿಯನ್ನು ಡಿಟರ್ಜೆಂಟಿನಲ್ಲಿ ಕುದಿಸಿ ಜೆಲ್ಲಿನಲ್ಲಿ ವಿದ್ಯುತ್ ಹರಿಸಿದರೆ ಪ್ರೋಟೀನುಗಳು ಗಾತ್ರದ ಪ್ರಕಾರ ಸಾಲಾಗಿ ನಿಲ್ಲುತ್ತವೆ. ಜಿಎಫ್‌ಪಿ ನಿಲ್ಲಬೇಕಾದದ್ದು ಸುಮಾರು 27 ಕಿಲೋಡಾಲ್ಟನ್ ಬಳಿ. ನಂತರದ ಮಾದರಿಯಲ್ಲಿ ಅಲ್ಲಿ ದಪ್ಪನೆಯ ನೀಲಿ ಪಟ್ಟಿ ಕಂಡರೆ ಪ್ರೋಟೀನು ಹುಟ್ಟಿದೆ ಎಂಬುದು ಖಾತ್ರಿ.

ಮುಂದಿನ ಪ್ರಶ್ನೆ, ಅದು ಎಲ್ಲಿದೆ. ಕೋಶಗಳನ್ನು ಮಂಜುಗಡ್ಡೆಯಲ್ಲಿಟ್ಟು ಶಬ್ದತರಂಗದಿಂದ ಒಡೆದು, ಸೆಂಟ್ರಿಫ್ಯೂಜಿನಲ್ಲಿ ಗುರುತ್ವದ ಹತ್ತು ಹನ್ನೆರಡು ಸಾವಿರ ಪಟ್ಟು ಬಲದಲ್ಲಿ ಇಪ್ಪತ್ತು ನಿಮಿಷ ತಿರುಗಿಸುತ್ತಾರೆ. ಕರಗಿರುವ ಪ್ರೋಟೀನು ಮೇಲಿನ ತಿಳಿಯಲ್ಲಿ ಉಳಿಯುತ್ತದೆ. ತಿಳಿಯಲ್ಲಿ ಪಟ್ಟಿ ತೆಳ್ಳಗಿದ್ದು, ತಳದಲ್ಲಿ ಕೂತ ಬಿಳಿಯ ಮಡ್ಡಿಯಲ್ಲಿ ದಪ್ಪಗಿದ್ದರೆ ಪ್ರೋಟೀನು ಗಂಟು ಕಟ್ಟಿದೆ. ಇದಕ್ಕೆ ಇನ್‌ಕ್ಲೂಷನ್ ಬಾಡಿ ಎಂದು ಹೆಸರು. ಸೂಕ್ಷ್ಮದರ್ಶಕದಲ್ಲಿ ಕೋಶದ ತುದಿಯಲ್ಲಿ ಹೊಳೆಯುವ ದಟ್ಟ ಕಣವಾಗಿ ಕಾಣಿಸುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಕೋಶಗಳು ಪೂರ್ತಿ ಒಡೆಯದಿದ್ದರೆ, ಇಡಿಯಾಗಿ ಉಳಿದ ಕೋಶಗಳೂ ತಳಕ್ಕೇ ಕೂರುತ್ತವೆ, ಅವುಗಳೊಳಗಿನ ಒಳ್ಳೆಯ ಪ್ರೋಟೀನೂ ಮಡ್ಡಿಯ ಲೆಕ್ಕಕ್ಕೆ ಸೇರುತ್ತದೆ. ಮಡ್ಡಿಯ ಸಾಲಿನಲ್ಲಿ ಬ್ಯಾಕ್ಟೀರಿಯಾದ ಉಳಿದೆಲ್ಲ ಪಟ್ಟಿಗಳೂ ಗಾಢವಾಗಿ ಕಂಡರೆ ಸಂಶಯ ಪಡಬೇಕಾದದ್ದು ಒಡೆಯುವ ಕೆಲಸವನ್ನು, ಮಡಿಕೆಯನ್ನಲ್ಲ.

ಗಂಟು ಏಕೆ ಕಟ್ಟುತ್ತದೆ? ಪ್ರೋಟೀನು ಸರಪಳಿಯಲ್ಲಿ ನೀರನ್ನು ಇಷ್ಟಪಡುವ ಅಮೈನೋ ಆಮ್ಲಗಳೂ ಇವೆ, ಎಣ್ಣೆಯ ಸ್ವಭಾವದವೂ ಇವೆ. ಸರಿಯಾಗಿ ಮಡಿಚಿಕೊಂಡಾಗ ಎಣ್ಣೆಯ ಭಾಗಗಳು ಒಳಗೆ ಅಡಗುತ್ತವೆ. ಮಡಿಚಿಕೊಳ್ಳುವುದಕ್ಕೆ ಮುಂಚೆ ಅವು ಹೊರಗೇ ಇರುತ್ತವೆ, ಹತ್ತಿರದಲ್ಲಿ ಇನ್ನೊಂದು ಅರೆಮಡಿಚಿದ ಸರಪಳಿ ಸಿಕ್ಕಿದರೆ ಅದಕ್ಕೆ ಅಂಟುತ್ತವೆ. ಜೆಲ್ಲಿಮೀನಿನ ಕೋಶದಲ್ಲಿ ಸರಪಳಿಗಳು ಒಂದೊಂದಾಗಿ ನಿಧಾನಕ್ಕೆ ಹುಟ್ಟುತ್ತವೆ, ಪ್ರತಿಯೊಂದಕ್ಕೂ ಮಡಿಚಿಕೊಳ್ಳಲು ಪುರುಸೊತ್ತಿದೆ. ಟಿ7 ಪಾಲಿಮರೇಸಿನ ಅವಸರದಲ್ಲಿ ಆ ಪುರುಸೊತ್ತಿಲ್ಲ. ಕುದಿಯುವ ನೀರಿಗೆ ಉಪ್ಪಿಟ್ಟಿನ ರವೆಯನ್ನು ಒಂದೇ ಸಲಕ್ಕೆ ಸುರಿದರೆ ಏನಾಗುತ್ತದೆ ಎಂಬುದು ಅಡುಗೆಮನೆ ಕಂಡವರಿಗೆಲ್ಲ ಗೊತ್ತು; ರವೆಯಲ್ಲೂ ನೀರಿನಲ್ಲೂ ದೋಷವಿಲ್ಲ, ಸುರಿದ ವೇಗದಲ್ಲಿದೆ. ಒಮ್ಮೆ ಗಂಟು ಶುರುವಾದರೆ ಹೊಸದಾಗಿ ಹುಟ್ಟಿದ ಸರಪಳಿಗಳೂ ಅದಕ್ಕೇ ಸೇರುತ್ತಾ ಹೋಗುತ್ತವೆ.

ಜಿಎಫ್‌ಪಿಗೆ ವೇಗದ ಜೊತೆ ಶಾಖವೂ ಸೇರಿತು. ವಿಚಿತ್ರವೆಂದರೆ, ಸರಿಯಾಗಿ ಮಡಿಚಿಕೊಂಡ ಜಿಎಫ್‌ಪಿಯನ್ನು 65 ಡಿಗ್ರಿಗೆ ಕಾಯಿಸಿದರೂ ಅದು ಹೊಳೆಯುತ್ತಲೇ ಇರುತ್ತದೆ. ಹನ್ನೊಂದು ಪಟ್ಟಿಗಳು ಸುತ್ತುವರಿದು ಕಟ್ಟಿದ ಗಟ್ಟಿ ಪೀಪಾಯಿ ಅದು, ಬಣ್ಣದ ಕೇಂದ್ರ ಒಳಗೆ ಭದ್ರ. ಶಾಖಕ್ಕೆ ಹೆದರುವುದು ಪೀಪಾಯಿ ಕಟ್ಟುವ ಹಾದಿ ಮಾತ್ರ. ಆ ಹಾದಿಯಲ್ಲಿ ಬರುವ ಅರ್ಧ ರೂಪಗಳು 37 ಡಿಗ್ರಿಯಲ್ಲಿ ಸುಲಭವಾಗಿ ದಾರಿ ತಪ್ಪುತ್ತವೆ. ಗಟ್ಟಿತನ ಬೇರೆ, ಮಡಿಕೆಯ ಸಲೀಸು ಬೇರೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರೋಟೀನುಗಳು ಕಡಿಮೆ.

ಆದ್ದರಿಂದ ಮೊದಲ ಪರಿಹಾರ ತಣಿಸುವುದು. ಐಪಿಟಿಜಿ ಹಾಕುವ ಮುನ್ನ ಫ್ಲಾಸ್ಕನ್ನು 18 ಅಥವಾ 20 ಡಿಗ್ರಿಗೆ ಇಳಿಸಿ, ಪುಡಿಯನ್ನೂ ಹತ್ತನೆಯ ಒಂದು ಪಾಲಿಗೆ ಕಡಿಮೆ ಮಾಡಿ, ಮೂರು ಗಂಟೆಯ ಬದಲು ರಾತ್ರಿಯಿಡೀ ಬಿಡುತ್ತಾರೆ. ಸರಪಳಿ ಹುಟ್ಟುವ ವೇಗ ಇಳಿಯುತ್ತದೆ, ಎಣ್ಣೆಯ ಭಾಗಗಳ ಅಂಟುವ ಬಲವೂ ತಣ್ಣಗಿದ್ದಾಗ ಕಡಿಮೆಯಾಗುತ್ತದೆ. ಒಟ್ಟು ಪ್ರೋಟೀನು ಕಡಿಮೆ ಸಿಗುತ್ತದೆ, ಕೆಲಸಕ್ಕೆ ಬರುವ ಪ್ರೋಟೀನು ಹೆಚ್ಚು ಸಿಗುತ್ತದೆ. ಚೆನ್ನಾಗಿ ಕರಗುವ ಇನ್ನೊಂದು ಪ್ರೋಟೀನನ್ನು ಬಾಲವಾಗಿ ಜೋಡಿಸುವುದು, ಮಡಿಚಲು ನೆರವಾಗುವ ಚಾಪೆರಾನ್‌ಗಳನ್ನು ಹೆಚ್ಚಾಗಿ ಮಾಡಿಸುವುದು ಮುಂತಾದ ದಾರಿಗಳೂ ಇವೆ. ಯಾವುದು ಯಾವ ಪ್ರೋಟೀನಿಗೆ ಒಗ್ಗುತ್ತದೆ ಎಂಬುದನ್ನು ಮಾಡಿಯೇ ನೋಡಬೇಕು.

ಎರಡನೆಯ ಪರಿಹಾರ ಮತ್ತೆ ಅಕ್ಷರಕ್ಕೇ ಕರೆದೊಯ್ಯುತ್ತದೆ. ಎಸ್65ಟಿಯಲ್ಲಿ ಯಾವ ಜಾಗ ಮುಟ್ಟಬೇಕೆಂದು ಗೊತ್ತಿತ್ತು. ಮಡಿಕೆಯನ್ನು ಸಲೀಸು ಮಾಡುವ ಜಾಗ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ವಿಲೆಮ್ ಸ್ಟೆಮ್ಮರ್ ಅವರ ಗುಂಪು ಜೀನನ್ನು ಚೂರು ಮಾಡಿ, ಅಲ್ಲಲ್ಲಿ ತಪ್ಪುಗಳು ಸೇರುವಂತೆ ಮತ್ತೆ ಜೋಡಿಸಿ, ಹುಟ್ಟಿದ ಸಾವಿರಾರು ಕಾಲನಿಗಳಲ್ಲಿ ಹೆಚ್ಚು ಹೊಳೆಯುವುದನ್ನು ಆರಿಸಿತು. ಮೂರು ಸುತ್ತುಗಳ ನಂತರ ಸಿಕ್ಕ ರೂಪ, 1996ರ ಅವರ ವರದಿಯ ಪ್ರಕಾರ, ಆಗ ಮಾರುಕಟ್ಟೆಯಲ್ಲಿದ್ದ ಜಿಎಫ್‌ಪಿಗಿಂತ ಇಡೀ ಕೋಶದ ಲೆಕ್ಕದಲ್ಲಿ 45 ಪಟ್ಟು ಹೆಚ್ಚು ಹೊಳೆಯಿತು. ಬದಲಾದದ್ದು ಮೂರು ಅಮೈನೋ ಆಮ್ಲಗಳು: 99ರಲ್ಲಿ ಫಿನೈಲ್‌ಅಲನಿನ್ ಹೋಗಿ ಸೆರೀನ್, 153ರಲ್ಲಿ ಮೆಥಿಯೋನಿನ್ ಹೋಗಿ ಥ್ರಿಯೋನಿನ್, 163ರಲ್ಲಿ ವ್ಯಾಲಿನ್ ಹೋಗಿ ಅಲನಿನ್. ಮೂರರಲ್ಲೂ ಎಣ್ಣೆಯ ಗುಣ ಹೆಚ್ಚಿದ್ದದ್ದು ಹೋಗಿ ಕಡಿಮೆ ಇರುವುದು ಬಂದಿದೆ. ಪ್ರತಿ ಅಣುವಿನ ಬೆಳಕು ಅಷ್ಟು ಹೆಚ್ಚಿರಲಿಲ್ಲ. ಮೊದಲು ಗಂಟು ಕಟ್ಟಿ ಕತ್ತಲಾಗುತ್ತಿದ್ದ ಪ್ರೋಟೀನು ಈಗ ಕರಗಿ ಹೊಳೆಯುತ್ತಿತ್ತು. ಯಾವ ಜಾಗಗಳೆಂದು ತಿಳಿದ ಮೇಲೆ, ಇನ್ನು ಯಾರು ಬೇಕಾದರೂ ಮೂರು ಜೊತೆ ಪ್ರೈಮರ್ ಬರೆದು ಅದೇ ಬದಲಾವಣೆಯನ್ನು ತಮ್ಮ ಪ್ಲಾಸ್ಮಿಡ್ಡಿಗೆ ತರಬಹುದು.

ಮೂರನೆಯ ದಾರಿ ಗಂಟನ್ನು ಒಪ್ಪಿಕೊಂಡು ಆಮೇಲೆ ಬಿಡಿಸುವುದು. ಮಡ್ಡಿಯನ್ನು ಡಿಟರ್ಜೆಂಟಿನಲ್ಲಿ ತೊಳೆದರೆ ಬ್ಯಾಕ್ಟೀರಿಯಾದ ಪೊರೆಗಳ ಚೂರು ಹೋಗಿ, ಬಹುಪಾಲು ನಮ್ಮದೇ ಪ್ರೋಟೀನು ಉಳಿಯುತ್ತದೆ. ಅದನ್ನು 8 ಮೋಲಾರ್ ಯೂರಿಯಾದಲ್ಲಿ ಕರಗಿಸಿದರೆ ಸರಪಳಿಗಳು ಪೂರ್ತಿ ಬಿಚ್ಚಿಕೊಳ್ಳುತ್ತವೆ. ಆಮೇಲೆ ಯೂರಿಯಾ ಇಲ್ಲದ ದ್ರಾವಣಕ್ಕೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ ತೆಳುವಾಗಿಸಿದರೆ, ಒಂದರಿಂದ ಒಂದು ದೂರವಿರುವ ಸರಪಳಿಗಳಿಗೆ ಮಡಿಚಿಕೊಳ್ಳಲು ಅವಕಾಶ ಸಿಗುತ್ತದೆ. ಅವಸರದಿಂದ ದಟ್ಟವಾಗಿ ಬೆರೆಸಿದರೆ ದ್ರಾವಣ ಕಣ್ಣೆದುರೇ ಬೆಳ್ಳಗಾಗಿ ಮತ್ತೆ ಗಂಟಾಗುತ್ತದೆ. ಬ್ರಯಾನ್ ರೀಡ್ ಮತ್ತು ಗ್ರೆಗರಿ ಫ್ಲಿನ್ 1997ರಲ್ಲಿ ಈ ಗಂಟುಗಳನ್ನೇ ಉಪಕರಣವಾಗಿ ಬಳಸಿದರು. ಎಸ್65ಟಿಯ ಗಂಟಿನೊಳಗಿನ ಸರಪಳಿಗಳಲ್ಲಿ ಬಣ್ಣದ ಕೇಂದ್ರ ಇನ್ನೂ ಹುಟ್ಟಿರುವುದಿಲ್ಲ. ಅವನ್ನು ಯೂರಿಯಾದಲ್ಲಿ ಬಿಡಿಸಿ ಮಡಿಚಿಕೊಳ್ಳಲು ಬಿಟ್ಟು, ಹಸಿರು ಹುಟ್ಟುವ ಕ್ರಮವನ್ನು ಮೊದಲಿನಿಂದ ಅಳೆದರು. ಮಡಿಕೆಗೂ ಉಂಗುರಕ್ಕೂ ಕೆಲವು ನಿಮಿಷಗಳು ಸಾಕಾದವು. ಆಮ್ಲಜನಕದೊಂದಿಗೆ ನಡೆಯುವ ಕೊನೆಯ ಹಂತದಲ್ಲಿ ಅರ್ಧದಷ್ಟು ಅಣುಗಳು ಮುಗಿಸುವುದಕ್ಕೇ ಗಂಟೆಗೂ ಹೆಚ್ಚು ಹಿಡಿಯಿತು. ಐಪಿಟಿಜಿ ಹಾಕಿದ ಕೂಡಲೇ ಫ್ಲಾಸ್ಕು ಹಸಿರಾಗದಿರುವುದಕ್ಕೆ ಇದೂ ಒಂದು ಕಾರಣ.

ಔಷಧಿ ಉದ್ಯಮದಲ್ಲಿ ಗಂಟು ಕೆಲವೊಮ್ಮೆ ಬೇಕಾಗಿಯೇ ಬರುತ್ತದೆ. ಈ. ಕೋಲೈಯಲ್ಲಿ ಮಾಡಿದ ಮಾನವ ಇನ್ಸುಲಿನ್ 1982ರಲ್ಲಿ ಅಮೆರಿಕದ ಅನುಮತಿ ಪಡೆಯಿತು. ಇನ್ಸುಲಿನ್ನಿನ 51 ಅಮೈನೋ ಆಮ್ಲಗಳ ಎರಡು ಪುಟ್ಟ ಸರಪಳಿಗಳನ್ನು ಕೋಶದ ಕಿಣ್ವಗಳು ಬೇಗ ಕತ್ತರಿಸಿಬಿಡುತ್ತವೆ. ಬೇರೊಂದು ದೊಡ್ಡ ಪ್ರೋಟೀನಿಗೆ ಜೋಡಿಸಿ ಗಂಟಾಗಲು ಬಿಟ್ಟರೆ ಕಿಣ್ವಗಳ ಹಲ್ಲಿಗೆ ಸಿಗುವುದಿಲ್ಲ. ಅದರಲ್ಲಿ ಬೇಕಾದ ಮೂರು ಗಂಧಕದ ಬಂಧಗಳು ಈ. ಕೋಲೈಯ ಒಳಗೆ ಹೇಗೂ ಸರಿಯಾಗಿ ಕೂಡುವುದಿಲ್ಲ, ಆದ್ದರಿಂದ ಹೊರಗೆ ತಂದು ಬಿಡಿಸಿ ಮಡಿಚುವುದು ಅನಿವಾರ್ಯವಾಗಿತ್ತು. ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ಈ ದಾರಿ ಹಿಡಿಯಲಿಲ್ಲ. ಪಿಚಿಯಾ ಎಂಬ ಯೀಸ್ಟ್ ಪ್ರೋಟೀನನ್ನು ಗಂಧಕದ ಬಂಧಗಳ ಸಮೇತ ಮಡಿಚಿ ತನ್ನಿಂದ ಹೊರಗೆ ಬಿಡುತ್ತದೆ; ಅವರು ಅದನ್ನೇ ಆರಿಸಿಕೊಂಡರು.

ಮಡಿಕೆಗಾಗಿ ಇಷ್ಟು ಕಾಡಿದ ಜಿಎಫ್‌ಪಿ ಈಗ ಬೇರೆ ಪ್ರೋಟೀನುಗಳ ಮಡಿಕೆಯನ್ನು ಅಳೆಯುತ್ತದೆ. 1999ರಲ್ಲಿ ಜೆಫ್ರಿ ವಾಲ್ಡೋ ಮತ್ತು ಸಂಗಡಿಗರು ಪರೀಕ್ಷಿಸಬೇಕಾದ ಪ್ರೋಟೀನಿನ ಬಾಲಕ್ಕೆ ಜಿಎಫ್‌ಪಿಯನ್ನು ಜೋಡಿಸಿದರು. ಮುಂದಿನದು ಗಂಟು ಕಟ್ಟಿದರೆ ಹಿಂದಿನ ಜಿಎಫ್‌ಪಿಯನ್ನೂ ಮಡಿಚಿಕೊಳ್ಳಲು ಬಿಡುವುದಿಲ್ಲ, ಕಾಲನಿ ಮಂಕಾಗುತ್ತದೆ. ಮುಂದಿನದು ಚೆನ್ನಾಗಿ ಮಡಿಚಿಕೊಂಡರೆ ಕಾಲನಿ ಹೊಳೆಯುತ್ತದೆ. ಹೀಗೆ ಸಾವಿರಾರು ಬದಲಾವಣೆಗಳಲ್ಲಿ ಕರಗುವಂಥದ್ದನ್ನು ಬೆಳಕಿನಿಂದಲೇ ಹೆಕ್ಕಬಹುದು. ಇಲ್ಲಿ ಬಳಸುವ ಜಿಎಫ್‌ಪಿ ಅತಿಯಾಗಿ ಚೆನ್ನಾಗಿ ಮಡಿಚಿಕೊಳ್ಳಬಾರದು. 2006ರಲ್ಲಿ ಅದೇ ಗುಂಪು ಮಾಡಿದ ಸೂಪರ್‌ಫೋಲ್ಡರ್ ಎಂಬ ರೂಪ, ಅಂಟಿಕೊಂಡಿರುವ ಪ್ರೋಟೀನು ಗಂಟಾದರೂ ತಾನು ಮಡಿಚಿಕೊಂಡು ಹೊಳೆಯುತ್ತದೆ. ಗಂಟಿನೊಳಗೇ ಸರಿಯಾಗಿ ಮಡಿಚಿದ ಕೆಲವು ಅಣುಗಳು ಹೊಳೆಯುವುದನ್ನೂ ಬಾರ್ಸಿಲೋನಾದ ಗುಂಪೊಂದು 2005ರಲ್ಲಿ ತೋರಿಸಿದೆ. ಆದ್ದರಿಂದ ತಟ್ಟೆ ಎಷ್ಟೇ ಹಸಿರಾಗಿದ್ದರೂ ಅನುಭವಿಗಳು ಕೋಶಗಳನ್ನು ಒಡೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಿಳಿಯನ್ನೂ ಮಡ್ಡಿಯನ್ನೂ ಜೆಲ್ಲಿನಲ್ಲಿ ಅಕ್ಕಪಕ್ಕ ಹಾಕಿ ನೋಡಿದ ಮೇಲೆಯೇ ಪ್ರೋಟೀನು ಕರಗಿದೆ ಎಂದು ಬರೆದುಕೊಳ್ಳುತ್ತಾರೆ.